ಲೆಟರ್‌ಹೆಡ್: ಪ್ರೆಸ್ಸಿನಲ್ಲಿ ಸರಿ, ಕಚೇರಿಯ ಪ್ರಿಂಟರಿನಲ್ಲಿ ಅಂಚು ಕತ್ತರಿಸುತ್ತಿದೆ

ಘಟಪ್ರಭೆಯ ದಂಡೆ (ಬಾಗಲಕೋಟೆ): ಮಾನ್ಯರೇ, ನಮ್ಮ ಪತ್ತಿನ ಸಹಕಾರಿ ಸಂಘದ ಲೆಟರ್‌ಹೆಡ್‌ನಲ್ಲಿ ಮೇಲ್ಗಡೆ ಕಾಗದದ ಅಂಚಿಗೇ ತಾಗುವ ಕೆಂಪು ಪಟ್ಟಿ, ಅದರ ಕೆಳಗೆ ಲಾಂಛನ, ತೀರ ಕೆಳಗೆ ವಿಳಾಸ ಇವೆ. ಪ್ರೆಸ್ಸಿನಿಂದ ಬಂದ ಹಾಳೆ ಚೆನ್ನಾಗಿದೆ. ಅದೇ ಪಿಡಿಎಫ್ ಅನ್ನು ಕಚೇರಿಯ ಲೇಸರ್ ಪ್ರಿಂಟರಿನಲ್ಲಿ ತೆಗೆದರೆ ಪಟ್ಟಿಯ ಸುತ್ತ ಬಿಳಿ ಗೆರೆ ಉಳಿಯುತ್ತದೆ, ವಿಳಾಸದ ಕೊನೆಯ ಸಾಲು ಅರ್ಧ ಮಾಯವಾಗುತ್ತದೆ.

ಕುಂದಾಪ್ರಿಯ (ಬೆಳಗಾವಿ): ಪ್ರಿಂಟ್ ಕಿಟಕಿಯಲ್ಲಿ `Fit` ಆರಿಸಿರಿ, ಎಲ್ಲವೂ ಒಳಗೆ ಬರುತ್ತದೆ. ನಮ್ಮಲ್ಲಿ ಹಾಗೆಯೇ ನಡೆದಿದೆ.

ಗುಮ್ಮಟದ ನೆರಳು (ವಿಜಯಪುರ): ವಿಳಾಸ ಉಳಿಯುತ್ತದೆ ನಿಜ, ಆದರೆ ಅಳತೆ ಕುಗ್ಗುತ್ತದೆ. ನೂರು ಮಿಲಿಮೀಟರಿನ ಗೆರೆಯೊಂದನ್ನು ಹಾಳೆಯಲ್ಲಿ ಎಳೆದು, `Fit` ಆರಿಸಿ ಮುದ್ರಿಸಿ, ಸ್ಕೇಲಿನಿಂದ ಅಳೆಯಿರಿ. 96ರ ಆಸುಪಾಸು ಬಂದರೆ ಕುಗ್ಗಿದೆ ಎಂದೇ ಅರ್ಥ. ಪ್ರೆಸ್ಸಿನವರು 210 × 297 ಮಿ.ಮೀ. ಹಾಳೆಯ ಸುತ್ತ 3 ಮಿ.ಮೀ. ಹೆಚ್ಚುವರಿ ಬಣ್ಣ ಬಿಟ್ಟು, ಮುದ್ರಿಸಿದ ಮೇಲೆ ಅಂಚು ಕತ್ತರಿಸುತ್ತಾರೆ. ಕಚೇರಿಯ ಲೇಸರ್ ಯಂತ್ರವಾದರೋ ಸಾಮಾನ್ಯವಾಗಿ ನಾಲ್ಕೂ ಕಡೆ ಸುಮಾರು 4 ಮಿ.ಮೀ. ಜಾಗದಲ್ಲಿ ಮುದ್ರಿಸುವುದೇ ಇಲ್ಲ. ನಿಮ್ಮ ವಿಳಾಸ ಅಂಚಿನಿಂದ ಎಷ್ಟು ದೂರವಿದೆ?

ಘಟಪ್ರಭೆಯ ದಂಡೆ: ಈಗ ಅಳೆದೆ, 3 ಮಿ.ಮೀ.

ಗುಮ್ಮಟದ ನೆರಳು: ಅಲ್ಲಿಯೇ ತಪ್ಪಾಗಿದೆ, ಪ್ರೆಸ್ಸಿನ ಕಟಿಂಗ್ ಯಂತ್ರ ಸ್ವಲ್ಪ ಸರಿದರೂ ಆ ಸಾಲು ಹೋಗುತ್ತಿತ್ತು. ವಿಳಾಸವನ್ನು ಕೆಳಗಿನಿಂದ 13 ಮಿ.ಮೀ. ಮೇಲಕ್ಕೆ ತನ್ನಿರಿ, ಕೆಲವು ಇಂಕ್‌ಜೆಟ್‌ಗಳು ಕೆಳಗಡೆ ಇಷ್ಟೇ ಜಾಗ ಬಿಡುತ್ತವೆ. ಪಟ್ಟಿಯನ್ನು ಮೇಲೆ, ಎಡ, ಬಲ ಮೂರೂ ಕಡೆ 10 ಮಿ.ಮೀ. ಒಳಗಿಟ್ಟರೆ ಅದರ ಅಗಲ 190 ಆಗುತ್ತದೆ, ಆಗ ಪ್ರೆಸ್ಸಿಗೂ ಕಚೇರಿಗೂ ಒಂದೇ ಕಡತ ಸಾಕು, `Actual size` ಇಟ್ಟು ಮುದ್ರಿಸಬಹುದು. ಪ್ರೆಸ್ಸಿಗೆ ಕೊಡುವಾಗ ಲಾಂಛನ ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ರೂಪದಲ್ಲಿರಲಿ, ಕನ್ನಡ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರಗಳಿಗೆ, ಬದಲಿಸಿರಿ. ಇಲ್ಲವಾದರೆ ಅಲ್ಲಿ ನಿಮ್ಮ ಫಾಂಟ್ ಇಲ್ಲದೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಜೋಳದ ಹೊಲ (ಬೆಳಗಾವಿ): ನನ್ನ ಪ್ರಶ್ನೆಯೂ ಇದೇ. ಪ್ರೆಸ್ಸಿನಿಂದ ಬಂದ ಹಾಳೆಯನ್ನು ಅಂದೇ ಲೇಸರ್‌ಗೆ ಹಾಕಿದ್ದಕ್ಕೆ ಲಾಂಛನದ ಶಾಯಿ ಮುಂದಿನ ಹಾಳೆಗೂ ಅಂಟಿತು.

ಗುಮ್ಮಟದ ನೆರಳು: ಅದು ಬೇರೆ ಪ್ರಶ್ನೆ, ಸರ್. ಶಾಯಿ ಪೂರ್ತಿ ಒಣಗದಿದ್ದರೆ ಯಂತ್ರದೊಳಗಿನ ಬಿಸಿ ರೋಲರ್‌ಗೆ ಹತ್ತುತ್ತದೆ. ಲೇಸರಿನಲ್ಲಿ ಬಳಸುವ ಹಾಳೆ ಎಂದು ಪ್ರೆಸ್ಸಿನವರಿಗೆ ಮೊದಲೇ ಹೇಳಿ, ಹಾಳೆಗಳನ್ನು ಕೆಲವು ದಿನ ಒಣಗಲು ಬಿಡಿ.

ಘಟಪ್ರಭೆಯ ದಂಡೆ: ವರ್ಡ್‌ನಲ್ಲಿ ಪತ್ರ ಬರೆಯುವಾಗ?

ಗುಮ್ಮಟದ ನೆರಳು: ಎರಡು ಮಾದರಿ ಕಡತ ಮಾಡಿರಿ. ಒಂದರ ಹೆಡರ್‌ನಲ್ಲಿ ಲಾಂಛನ, ಪಟ್ಟಿ ಇರಲಿ. ಇನ್ನೊಂದರ ಹೆಡರ್ ಖಾಲಿ ಇರಲಿ, ಪ್ರೆಸ್ಸಿನ ಹಾಳೆಗೆ ಅದೇ. ಎರಡಕ್ಕೂ ಮೊದಲ ಪುಟದಲ್ಲಿ ಬರಹ ಮೇಲಿನಿಂದ 45 ಮಿ.ಮೀ. ಬಿಟ್ಟು ಆರಂಭವಾಗುವಂತಿದ್ದರೆ ಯಾವ ಹಾಳೆಯಲ್ಲಿ ಬರೆದರೂ ಒಂದೇ ಕಡೆ ಕೂರುತ್ತದೆ. `Different First Page` ಗುರುತು ಹಾಕಿದರೆ ಎರಡನೆಯ ಪುಟಕ್ಕೆ ಪಟ್ಟಿ ಬರುವುದಿಲ್ಲ.

ಘಟಪ್ರಭೆಯ ದಂಡೆ: ಹೊಸ ಪ್ರತಿ ತೆಗೆದೆ, ವಿಳಾಸ ಪೂರ್ತಿ ಬಂತು. ಆದರೆ ನಮ್ಮ ಅಧ್ಯಕ್ಷರು ಪಟ್ಟಿ ಅಂಚಿಗೇ ತಾಗಬೇಕು ಎಂದು ಪಟ್ಟು ಹಿಡಿದಿದ್ದಾರೆ.

ಗುಮ್ಮಟದ ನೆರಳು: ಹಾಗಿದ್ದರೆ ಪ್ರೆಸ್ಸಿಗೆ ಬೇರೆಯೇ ಕಡತ ಮಾಡಬೇಕು, ಕಚೇರಿಯಲ್ಲಿ ಬಿಳಿ ಗೆರೆಯನ್ನು ಸಹಿಸಬೇಕು.