ಪದಚರ್ಚೆ: ‘ರೆಡಿನೆಸ್ ಪೊಟೆನ್ಶಿಯಲ್’ ಎಂಬುದಕ್ಕೆ ಫಲಕದಲ್ಲಿ ಏನು ಬರೆಯಬೇಕು?

ವಸುಧಾ:

ಮಾನ್ಯರೇ,

ಮೆದುಳಿನ ಬಗೆಗಿನ ಒಂದು ವಿಜ್ಞಾನ ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಕೊಡಬೇಕು. ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗದ ಫಲಕದಲ್ಲಿ, ನಾವಾಗಿಯೇ ಕೈ ಆಡಿಸುವುದಕ್ಕೆ ಮೊದಲು ಮೆದುಳಿನಲ್ಲಿ ಕಾಣುವ ನಿಧಾನವಾದ ವಿದ್ಯುತ್ ಬದಲಾವಣೆಯನ್ನು ಹೇಳುವ ‘ರೆಡಿನೆಸ್ ಪೊಟೆನ್ಶಿಯಲ್’ ಎಂಬ ಪದ ನಾಲ್ಕು ಕಡೆ ಬರುತ್ತದೆ. ‘ಸಿದ್ಧತಾ ವಿಭವ’ ಎಂದು ಬರೆದುಕೊಂಡಿದ್ದೇನೆ, ಸರಿಯೇ? ಆ ಪದ ಬರುವ ಮುಖ್ಯ ವಾಕ್ಯ ನನ್ನ ಕರಡಿನಲ್ಲಿ ಹೀಗಿದೆ: “ನೀವು ನಿರ್ಧರಿಸುವ ಅರ್ಧ ಸೆಕೆಂಡ್ ಮೊದಲೇ ನಿಮ್ಮ ಮೆದುಳು ನಿರ್ಧರಿಸಿರುತ್ತದೆ ಎಂಬುದನ್ನು ಸಿದ್ಧತಾ ವಿಭವವು ತೋರಿಸುತ್ತದೆ.”

ಶ್ರೀಪಾದ:

‘ಸಿದ್ಧತಾ ವಿಭವ’ ಬೇಡ. ‘ವಿಭವ’ ಎಂದೊಡನೆ ಕನ್ನಡಿಗರಿಗೆ ಸಿರಿ, ಐಶ್ವರ್ಯ ನೆನಪಾಗುತ್ತದೆಯೇ ಹೊರತು ವಿದ್ಯುತ್ತಲ್ಲ. ನಮ್ಮಲ್ಲಿ ‘ಅಣಿ’ ಎಂಬ ಅಚ್ಚಗನ್ನಡದ ಪದವಿದೆ. ಅಣಿಯಾಗು, ಅಣಿಗೊಳಿಸು, ಅಣಿಮಾಡು ಎಂದು ಎಲ್ಲ ಬಗೆಯಲ್ಲೂ ಅದು ನಡೆಯುತ್ತದೆ. ಸಾಲುಗೂಡಿ ನಿಲ್ಲುವುದು ಎಂಬ ಅರ್ಥದಿಂದಲೇ ಸಿದ್ಧವಾಗಿ ನಿಲ್ಲುವುದು ಎಂಬ ಅರ್ಥ ಬಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಅಣಿಯಲೆ’ ಎಂದು ಬರೆಯಿರಿ. ಎರಡು ಸಂಸ್ಕೃತ ಪದಗಳನ್ನು ಜೋಡಿಸಿ ಅದನ್ನು ಕನ್ನಡ ಎನ್ನುವ ಅಭ್ಯಾಸ ನಿಲ್ಲಬೇಕು.

ಗಿರೀಶ:

ಪೊಟೆನ್ಶಿಯಲ್ ಎಂದರೆ ಸಾಮರ್ಥ್ಯವಲ್ಲವೇ? ‘ಸನ್ನದ್ಧ ಸಾಮರ್ಥ್ಯ’ ಎಂದರಾಯಿತು. ಅದಕ್ಕಿಂತಲೂ, ಇಲ್ಲಿ ನಡೆಯುವುದನ್ನು ನೇರವಾಗಿ ಹೇಳುವ ‘ಪೂರ್ವನಿರ್ಧಾರ ಸಂಕೇತ’ ಎಂಬುದು ಓದುಗರಿಗೆ ತಟ್ಟನೆ ತಿಳಿಯುತ್ತದೆ. ಸ್ವತಂತ್ರ ಇಚ್ಛೆ ಎಂಬುದಿಲ್ಲ ಎಂದು ಆ ಪ್ರಯೋಗದಿಂದ ಸಿದ್ಧವಾಗಿದೆಯಲ್ಲ.

ಇಂದಿರಾ:

ವಸುಧಾ ಅವರೇ, ಪದಕ್ಕಿಂತ ಮೊದಲು ನಿಮ್ಮ ವಾಕ್ಯವನ್ನು ನೋಡಬೇಕು. ಗಿರೀಶರು ಸೂಚಿಸಿದ ಪದವಂತೂ ವಾದದಲ್ಲಿರುವ ತೀರ್ಮಾನವನ್ನೇ ಹೆಸರೊಳಗೆ ತುಂಬುತ್ತದೆ, ಅದನ್ನು ದಯವಿಟ್ಟು ಬಳಸಬೇಡಿ. ಪೊಟೆನ್ಶಿಯಲ್ ಇಲ್ಲಿ ಸಾಮರ್ಥ್ಯವೂ ಅಲ್ಲ, ಅದು ನೆತ್ತಿಯ ಮೇಲಿಟ್ಟ ವಿದ್ಯುದ್ವಾರದಲ್ಲಿ ಅಳೆಯುವ ಕೆಲವೇ ಮೈಕ್ರೋವೋಲ್ಟುಗಳ ವಿದ್ಯುತ್ ವಿಭವ.

ಮೊದಲು ಅಂಕಿಗಳನ್ನು ಗಮನಿಸಿ. ಲಿಬೆಟ್ ಅವರ ಪ್ರಯೋಗದಲ್ಲಿ ಭಾಗವಹಿಸಿದವರು ತಮಗೆ ತೋಚಿದಾಗ ಮಣಿಕಟ್ಟನ್ನು ಆಡಿಸಬೇಕಿತ್ತು. ಎದುರಿನ ಪರದೆಯ ಮೇಲೆ ಬೆಳಕಿನ ಚುಕ್ಕೆಯೊಂದು 2.56 ಸೆಕೆಂಡಿಗೆ ಒಂದು ಸುತ್ತು ತಿರುಗುತ್ತಿತ್ತು, ‘ಈಗ ಆಡಿಸೋಣ’ ಎಂಬ ತುಡಿತ ಅರಿವಿಗೆ ಬಂದಾಗ ಚುಕ್ಕೆ ಎಲ್ಲಿತ್ತೆಂಬುದನ್ನು ಅವರು ಆಮೇಲೆ ಹೇಳುತ್ತಿದ್ದರು. ಮುಂಚಿತವಾಗಿ ಯೋಜಿಸದ ಚಲನೆಗಳಲ್ಲಿ ವಿಭವದ ಇಳಿಜಾರು ಸ್ನಾಯು ಮಿಡಿಯುವುದಕ್ಕೆ ಸುಮಾರು 550 ಮಿಲಿಸೆಕೆಂಡ್ ಮೊದಲು ಶುರುವಾಗುತ್ತಿತ್ತು, ತುಡಿತದ ಅರಿವು ಸುಮಾರು 200 ಮಿಲಿಸೆಕೆಂಡ್ ಮೊದಲು ಬರುತ್ತಿತ್ತು. ಎರಡರ ನಡುವಿನ ಅಂತರ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು. ನಿಮ್ಮ ‘ಅರ್ಧ ಸೆಕೆಂಡ್’ ಚಲನೆಯಿಂದ ಲೆಕ್ಕ ಹಾಕಿದ್ದು, ನಿರ್ಧಾರದಿಂದಲ್ಲ.

ಆದರೆ ಇದಕ್ಕಿಂತ ದೊಡ್ಡ ತೊಡಕು ಆ ರೇಖೆಯನ್ನು ಪಡೆಯುವ ವಿಧಾನದಲ್ಲಿದೆ. ಕಾರ್ನ್‌ಹ್ಯೂಬರ್ ಮತ್ತು ಡೀಕೆ 1960ರ ದಶಕದಲ್ಲಿ ಇದನ್ನು ಮೊದಲು ಕಂಡಾಗ, ದಾಖಲೆಯನ್ನು ಕಾಂತೀಯ ಟೇಪಿನ ಮೇಲೆ ಹಿಡಿದು, ಅದನ್ನು ಹಿಂದುಮುಂದಾಗಿ ಓಡಿಸಿ, ಚಲನೆಯ ಕ್ಷಣದಿಂದ ಹಿಂದಕ್ಕೆ ಸರಾಸರಿ ತೆಗೆದರು. ಒಂದು ಸಲದ ದಾಖಲೆಯಲ್ಲಿ ಈ ರೇಖೆ ಕಾಣುವುದಿಲ್ಲ, ಮೆದುಳಿನ ಉಳಿದ ಏರಿಳಿತಗಳಲ್ಲಿ ಮುಳುಗಿಹೋಗಿರುತ್ತದೆ. ಲಿಬೆಟ್ ಕೂಡ ಒಂದೊಂದು ರೇಖೆಗೆ ಸುಮಾರು 40 ಚಲನೆಗಳನ್ನು ಸೇರಿಸಿ ಸರಾಸರಿ ತೆಗೆದಿದ್ದರು. ಅಂದರೆ ಚಲನೆ ನಡೆದ ಸಂದರ್ಭಗಳನ್ನು ಮಾತ್ರ ಆರಿಸಿ, ಅಲ್ಲಿಂದ ಹಿಂದಕ್ಕೆ ನೋಡಲಾಗಿದೆ. ಮಳೆ ಸುರಿದ ದಿನಗಳನ್ನಷ್ಟೇ ಆರಿಸಿ ಅದಕ್ಕೆ ಮೊದಲಿನ ಗಂಟೆಗಳ ಮೋಡದ ಸರಾಸರಿ ತೆಗೆದರೆ, ಮೋಡವು ಮಳೆಗೆಂದೇ ಸಮನಾಗಿ ದಟ್ಟವಾಗುತ್ತ ಹೋದಂತೆ ಕಾಣುತ್ತದೆ. ಕವಿದು ಹಾಗೆಯೇ ಚದುರಿದ ಮೋಡಗಳು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಮಂಜುಳಾ:

ನನ್ನದೊಂದು ಪ್ರಶ್ನೆ, ಇದು ಇಲ್ಲಿಗೆ ಹೊಂದುತ್ತದೋ ಇಲ್ಲವೋ ತಿಳಿಯದು. ನನಗೆ ಫಿಟ್ಸ್ ಬರುತ್ತಿದ್ದ ಕಾರಣ ಇಇಜಿ ಮಾಡಿಸಿದ್ದರು. ಪರೀಕ್ಷೆಯ ಉದ್ದಕ್ಕೂ ನಾನು ಆಗಾಗ ಬೆರಳು ಆಡಿಸುತ್ತಿದ್ದೆ. ಹಾಗಾದರೆ ನಾನು ಬೆರಳು ಆಡಿಸಲಿದ್ದೇನೆ ಎಂಬುದು ಆ ಕಾಗದದ ಮೇಲೆ ಮೊದಲೇ ಬಂದಿರುತ್ತದೆಯೇ? ವರದಿಯಲ್ಲಿ ಅಂಥದ್ದೇನೂ ಬರೆದಿರಲಿಲ್ಲ.

ಇಂದಿರಾ:

ಇಲ್ಲ, ಮಂಜುಳಾ ಅವರೇ. ವೈದ್ಯರು ಆ ಕಾಗದದಲ್ಲಿ ಬೇರೆಯದನ್ನೇ ಹುಡುಕುತ್ತಾರೆ. ನೀವು ಬೆರಳು ಆಡಿಸಿದ ಹತ್ತಾರು ಕ್ಷಣಗಳನ್ನು ಸ್ನಾಯುವಿನ ದಾಖಲೆಯಿಂದ ಗುರುತಿಸಿ, ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯದಿದ್ದರೆ ಈ ಇಳಿಜಾರು ಬರಿಗಣ್ಣಿಗೆ ಕಾಣುವುದಿಲ್ಲ. ನಿಮ್ಮ ಪ್ರಶ್ನೆ ಇಲ್ಲಿಗೆ ಚೆನ್ನಾಗಿಯೇ ಹೊಂದುತ್ತದೆ.

ಗಿರೀಶ:

ಸರಾಸರಿಯ ಮಾತು ಒಪ್ಪಿದೆ. ಆದರೂ ಅರಿವಿಗೆ ಮೊದಲು ಮೆದುಳಿನಲ್ಲಿ ಏನೋ ಆಗುತ್ತಿದೆ ಎಂಬುದು ಸುಳ್ಳಾಗುವುದಿಲ್ಲ. ಫ್ರೀಡ್ ಮತ್ತು ಸಂಗಡಿಗರು 2011ರಲ್ಲಿ, ಚಿಕಿತ್ಸೆಗಾಗಿ ಮೆದುಳಿನೊಳಗೇ ವಿದ್ಯುದ್ವಾರಗಳನ್ನು ಇರಿಸಿಕೊಂಡಿದ್ದ ಅಪಸ್ಮಾರದ ರೋಗಿಗಳಲ್ಲಿ ಒಂದೊಂದೇ ನರಕೋಶವನ್ನು ಆಲಿಸಿದರು. 256 ನರಕೋಶಗಳನ್ನು ಒಟ್ಟಿಗೆ ನೋಡಿದಾಗ, ಅರಿವಿಗೆ 700 ಮಿಲಿಸೆಕೆಂಡ್ ಮೊದಲೇ ಶೇಕಡ 80ಕ್ಕೂ ಹೆಚ್ಚು ಖಚಿತವಾಗಿ, ಬಿಡಿಬಿಡಿ ಸಂದರ್ಭಗಳಲ್ಲೂ ಚಲನೆಯ ನಿರ್ಧಾರ ಬರಲಿದೆಯೆಂದು ಊಹಿಸಬಹುದಾಗಿತ್ತು. ಇದಕ್ಕೆ ಏನನ್ನುತ್ತೀರಿ?

ಶ್ರೀಪಾದ:

ನರಕೋಶಗಳ ಲೆಕ್ಕ ಆಮೇಲಾಗಲಿ. ಕೇಳಿದ್ದು ಪದ. ‘ಅಣಿಯಲೆ’ಗೆ ಯಾರಿಂದಲೂ ಉತ್ತರ ಬಂದಿಲ್ಲ.

ಇಂದಿರಾ:

ಶ್ರೀಪಾದರೇ, ಅದು ಅಲೆಯಲ್ಲ. ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಋಣದ ಕಡೆಗೆ ಜಾರುವ ರೇಖೆ. ಆದ್ದರಿಂದ ‘ಅಣಿಯಲೆ’ ತಪ್ಪು.

ಗಿರೀಶರೇ, ಆ ಪ್ರಯೋಗ ಗಟ್ಟಿಯಾದದ್ದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಲ್ಲಿಯೂ ತುಡಿತದ ಕ್ಷಣವನ್ನು ಹಿಡಿದು ಹಿಂದಕ್ಕೆ ಎಣಿಸಿದ್ದಾರೆ. ಅಂಥದೇ ಚಟುವಟಿಕೆ ಎದ್ದು, ಯಾವ ಚಲನೆಯೂ ಆಗದೆ ಇಳಿದುಹೋದ ಸಂದರ್ಭಗಳು ಎಷ್ಟು ಎಂಬ ಪ್ರಶ್ನೆಗೆ ಈ ಬಗೆಯ ಎಣಿಕೆ ಉತ್ತರ ಕೊಡುವುದಿಲ್ಲ.

ಈ ಪ್ರಶ್ನೆಯನ್ನು ನೇರವಾಗಿ ಎತ್ತಿದವರು ಶರ್ಗರ್, ಸಿಟ್ ಮತ್ತು ದಹೆನ್, 2012ರಲ್ಲಿ. ಅವರ ಕಲ್ಪನೆ ಹೀಗಿದೆ. ಮೆದುಳಿನ ಚಟುವಟಿಕೆ ಯಾವಾಗಲೂ ತಾನೇ ತಾನಾಗಿ ಏರಿಳಿಯುತ್ತಿರುತ್ತದೆ. ‘ಯಾವಾಗಲಾದರೂ ಆಡಿಸು’ ಎಂದು ಹೇಳಿಸಿಕೊಂಡವನಲ್ಲಿ ಆ ಏರಿಳಿತವು ಒಂದು ಹೊಸ್ತಿಲಿನ ಹತ್ತಿರಕ್ಕೆ ಸರಿದಿರುತ್ತದೆ. ಅದು ಹೊಸ್ತಿಲನ್ನು ದಾಟಿದಾಗ ಚಲನೆ ಆಗುತ್ತದೆ. ಯಾವ ಗುರಿಯೂ ಇಲ್ಲದ ಇಂಥ ಏರಿಳಿತಗಳನ್ನು ಗಣಕದಲ್ಲಿ ಉಂಟುಮಾಡಿ, ಹೊಸ್ತಿಲು ದಾಟಿದ ಕ್ಷಣಗಳಿಂದ ಹಿಂದಕ್ಕೆ ಸರಾಸರಿ ತೆಗೆದಾಗ, ಲಿಬೆಟ್ ಅವರ ರೇಖೆಯಂಥದೇ ರೇಖೆ ಮೂಡಿತು. ಹೀಗೆ ಓದಿದರೆ ಇಳಿಜಾರಿನ ಆರಂಭದಲ್ಲಿ ಯಾವ ನಿರ್ಧಾರವೂ ಆಗಿಲ್ಲ. ನಿರ್ಧಾರ ಎನ್ನಬಹುದಾದದ್ದು ಹೊಸ್ತಿಲು ದಾಟುವ ಘಟನೆ, ಅದು ನಡೆಯುವುದು ಚಲನೆಗೆ ಸ್ವಲ್ಪವೇ ಮೊದಲು, ತುಡಿತದ ಅರಿವು ಬರುವ ಹೊತ್ತಿನ ಆಸುಪಾಸಿನಲ್ಲಿ.

ಅವರು ಗಣಕದ ಲೆಕ್ಕಕ್ಕೇ ನಿಲ್ಲಲಿಲ್ಲ. ತೋಚಿದಾಗ ಗುಂಡಿ ಒತ್ತಲು ಕಾದಿದ್ದವರಿಗೆ ನಡುವೆ ಯಾವುದೋ ಕ್ಷಣದಲ್ಲಿ ‘ಕ್ಲಿಕ್’ ಸದ್ದು ಕೇಳಿಸಿ, ಕೇಳಿದೊಡನೆ ಒತ್ತಬೇಕೆಂದು ಹೇಳಿದ್ದರು. ಸದ್ದು ಯಾವಾಗ ಬರುತ್ತದೆಂದು ಯಾರಿಗೂ ತಿಳಿದಿರಲಿಲ್ಲ, ಆದ್ದರಿಂದ ಆ ಸದ್ದಿಗೆಂದು ಮೆದುಳು ಮೊದಲೇ ನಿರ್ಧರಿಸಿರಲು ಸಾಧ್ಯವಿಲ್ಲ. ಆದರೂ ಬೇಗ ಒತ್ತಿದ ಸಂದರ್ಭಗಳನ್ನು ಬೇರ್ಪಡಿಸಿ ನೋಡಿದಾಗ, ಸದ್ದು ಬರುವುದಕ್ಕೆ ಮೊದಲೇ ರೇಖೆ ಋಣದ ಕಡೆಗೆ ಜಾರಿತ್ತು. ತಡವಾಗಿ ಒತ್ತಿದಲ್ಲಿ ಹಾಗಿರಲಿಲ್ಲ. ಸದ್ದು ಬಂದಾಗ ಏರಿಳಿತವು ಅಕಸ್ಮಾತ್ತಾಗಿ ಹೊಸ್ತಿಲಿನ ಹತ್ತಿರವಿದ್ದರೆ ಕೈ ಬೇಗ ಓಡುತ್ತದೆ ಎಂದು ಇದನ್ನು ಅರ್ಥೈಸಬಹುದು.

ಗಿರೀಶ:

ಹಾಗಾದರೆ ನಮ್ಮ ನಿರ್ಧಾರಗಳೆಲ್ಲ ಅಕಸ್ಮಾತ್ತಿನ ಏರಿಳಿತ ಎಂದಾಯಿತು. ಸ್ವತಂತ್ರ ಇಚ್ಛೆಗೆ ಇದರಿಂದ ಯಾವ ಲಾಭ?

ಇಂದಿರಾ:

ಇದು ನ್ಯಾಯವಾದ ಪ್ರಶ್ನೆ. ಸ್ವತಂತ್ರ ಇಚ್ಛೆ ಇದೆ ಎಂದು ಈ ಮಾದರಿ ಸಾಧಿಸಿಕೊಡುವುದಿಲ್ಲ, ನಾನೂ ಹಾಗೆ ಹೇಳುತ್ತಿಲ್ಲ. ಲಿಬೆಟ್ ಅವರ ರೇಖೆಯಿಂದ ಅದು ಇಲ್ಲವೆಂದು ಸಾಧಿಸಲಾಗದು ಎಂಬಷ್ಟೇ ನನ್ನ ಮಾತು. ಇನ್ನೊಂದು ಸಂಗತಿ: ಮಣಿಕಟ್ಟನ್ನು ಈಗ ಆಡಿಸಿದರೂ ಆಮೇಲೆ ಆಡಿಸಿದರೂ ವ್ಯತ್ಯಾಸವಿಲ್ಲ, ಅಲ್ಲಿ ಆರಿಸಲು ಕಾರಣವೇ ಇಲ್ಲ. ಕಾರಣವಿಲ್ಲದ ಕಡೆ ಏರಿಳಿತವೇ ಕ್ಷಣವನ್ನು ಆರಿಸಿದರೆ ಅಚ್ಚರಿಪಡಬೇಕಾಗಿಲ್ಲ. ಮಾವೋಜ್ ಮತ್ತು ಸಂಗಡಿಗರು 2019ರಲ್ಲಿ ಈ ಭೇದವನ್ನೇ ಪರೀಕ್ಷಿಸಿದರು. ಎರಡು ಸೇವಾಸಂಸ್ಥೆಗಳ ಹೆಸರು ತೋರಿಸಿ, ಎಡಗೈ ಅಥವಾ ಬಲಗೈಯಿಂದ ಗುಂಡಿ ಒತ್ತಿ ಒಂದನ್ನು ಆರಿಸಲು ಹೇಳಿದರು. ಕೆಲವು ಸಲ ಆ ಆಯ್ಕೆಯ ಮೇಲೆ ನಿಜವಾದ ದೇಣಿಗೆ ನಿಂತಿತ್ತು, ಇನ್ನು ಕೆಲವು ಸಲ ಯಾವುದನ್ನು ಒತ್ತಿದರೂ ಎರಡಕ್ಕೂ ಸಮಪಾಲು. ಏನನ್ನು ಒತ್ತಿದರೂ ಒಂದೇ ಎಂಬಲ್ಲಿ ಈ ಇಳಿಜಾರು ಎಂದಿನಂತೆ ಕಂಡಿತು. ಯೋಚಿಸಿ ಆರಿಸಬೇಕಾದಲ್ಲಿ ಅದು ಕಾಣಲಿಲ್ಲ, ಅಥವಾ ತೀರಾ ಕುಗ್ಗಿತ್ತು. ಎರಡರಲ್ಲೂ ಕೈಯ ಚಲನೆ ಒಂದೇ ಬಗೆಯದು ಎಂಬುದನ್ನು ಮರೆಯಬಾರದು.

ಪದದ ವಿಷಯಕ್ಕೆ ಬಂದರೆ, ‘ಸಿದ್ಧತೆ’ ಎಂದರೂ ‘ಅಣಿ’ ಎಂದರೂ ಯಾವುದಕ್ಕೋ ಸಿದ್ಧವಾಗುತ್ತಿದೆ ಎಂಬ ಗ್ರಹಿಕೆ ಒಳಗೇ ಬಂದುಬಿಡುತ್ತದೆ, ವಿವಾದವಿರುವುದು ಅಲ್ಲಿಯೇ. ‘ಚಲನಪೂರ್ವ ವಿಭವ’ ಎಂದರೆ ಅಳೆದದ್ದನ್ನು ಮಾತ್ರ ಹೇಳಿದಂತಾಗುತ್ತದೆ. ‘ವಿಭವ’ ಶಾಲೆಯ ಭೌತಶಾಸ್ತ್ರದಲ್ಲಿ ‘ವಿಭವಾಂತರ’ವಾಗಿ ಬಹುಕಾಲದಿಂದ ನಿಂತಿದೆ, ಓದುಗರು ತಬ್ಬಿಬ್ಬಾಗುವುದಿಲ್ಲ.

ಶ್ರೀಪಾದ:

ಒಪ್ಪುವುದಿಲ್ಲ. ಕಂಡುಹಿಡಿದವರು ಜರ್ಮನ್ ಭಾಷೆಯಲ್ಲಿ ಇಟ್ಟ ಹೆಸರಿನಲ್ಲೇ ‘ಸಿದ್ಧತೆ’ ಇದೆ. ಅವರ ಗ್ರಹಿಕೆ ತಪ್ಪಿದ್ದರೆ ಕೆಳಗಿನ ವಿವರಣೆಯಲ್ಲಿ ಹೇಳಿ. ಹೆಸರನ್ನು ತಿದ್ದುವ ಅಧಿಕಾರ ಅನುವಾದಕರಿಗಿಲ್ಲ. ಶಾಲೆಯ ಪುಸ್ತಕದಲ್ಲಿದೆ ಎಂಬುದು ವಾದವೂ ಅಲ್ಲ, ಸಂಸ್ಕೃತದ ಎರವಲೆಲ್ಲ ನಮ್ಮೊಳಗೆ ಬಂದದ್ದೇ ಆ ಬಾಗಿಲಿನಿಂದ. ಅಲೆ ಬೇಡವಾದರೆ ‘ಅಣಿಯಿಳಿತ’ ಎನ್ನಿ.

ಇಂದಿರಾ:

ಹೆಸರಿನ ಬಗ್ಗೆ ನಿಮ್ಮ ಮಾತಿನಲ್ಲಿ ತೂಕವಿದೆ. ‘ಅಣಿಯಿಳಿತ’ದಲ್ಲಿ ಇಲ್ಲ, ಏಕೆಂದರೆ ಅಣಿಯಾಗುವುದೇ ಕಡಿಮೆಯಾಗುತ್ತಿದೆ ಎಂಬ ಅರ್ಥ ಬರುತ್ತದೆ.

ವಸುಧಾ:

ಎಲ್ಲರಿಗೂ ವಂದನೆಗಳು. ಹೆಸರನ್ನು ‘ಸಿದ್ಧತಾ ವಿಭವ’ ಎಂದೇ ಉಳಿಸಿಕೊಂಡು, ವಾಕ್ಯವನ್ನು ಹೀಗೆ ಬದಲಿಸಿದ್ದೇನೆ: “ಹಲವು ಚಲನೆಗಳ ಸರಾಸರಿಯಲ್ಲಿ, ಸ್ನಾಯು ಮಿಡಿಯುವ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮೆದುಳಿನ ವಿದ್ಯುತ್ ಚಟುವಟಿಕೆಯಲ್ಲಿ ನಿಧಾನವಾದ ಬದಲಾವಣೆ ಕಾಣತೊಡಗುತ್ತದೆ. ಭಾಗವಹಿಸಿದವರು ಹೇಳುವಂತೆ, ಆಡಿಸಬೇಕೆಂಬ ತುಡಿತ ಅವರ ಅರಿವಿಗೆ ಬರುವುದು ಸುಮಾರು 200 ಮಿಲಿಸೆಕೆಂಡ್ ಮೊದಲು. ಆ ಬದಲಾವಣೆ ನಿರ್ಧಾರವೋ, ಮೆದುಳಿನ ಸಹಜ ಏರಿಳಿತವೋ ಎಂಬ ಚರ್ಚೆ ಮುಂದುವರಿದಿದೆ.”

ಇನ್ನೊಂದು ಸಂದೇಹ. ಚಿತ್ರದಲ್ಲಿ ಸೊನ್ನೆಯ ಗುರುತಿನ ಕೆಳಗೆ ‘ನಿರ್ಧಾರದ ಕ್ಷಣ’ ಎಂದು ಮೂಲದಲ್ಲೇ ಬರೆದಿದ್ದಾರೆ. ಅದನ್ನು ಹಾಗೆಯೇ ಅನುವಾದಿಸಲೇ?

ಇಂದಿರಾ:

ಬೇಡ. ಸೊನ್ನೆ ಎಂದರೆ ಮುಂದೋಳಿನ ಮೇಲಿಟ್ಟ ವಿದ್ಯುದ್ವಾರದಲ್ಲಿ ಸ್ನಾಯುವಿನ ಮಿಡಿತ ದಾಖಲಾದ ಕ್ಷಣ. ‘ಸ್ನಾಯು ಮಿಡಿದ ಕ್ಷಣ’ ಎಂದು ಬರೆಯಿರಿ, ಮೂಲದ ಫಲಕ ಬರೆದವರಿಗೂ ಇಂದೇ ತಿಳಿಸಿ.

ಶ್ರೀಪಾದ:

‘ಮಿಡಿದ’ ಚೆನ್ನಾಗಿದೆ. ‘ಕ್ಷಣ’ದ ಬದಲು ‘ಹೊತ್ತು’ ಎನ್ನಬಹುದಲ್ಲ.