ಮೂವತ್ತು ನಿಮಿಷದ ಮಾತಿನ ಸ್ಲೈಡುಗಳನ್ನು ಐದು ನಿಮಿಷಕ್ಕೆ ಇಳಿಸುವಾಗ ಯಾವುದನ್ನು ಕೈಬಿಟ್ಟಿರಿ?

ಸುಮಾ, ಶಿರಸಿ:
ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುವ ಬಗ್ಗೆ ರೈತರ ತರಬೇತಿಯೊಂದರಲ್ಲಿ ಅರ್ಧ ಗಂಟೆ ಮಾತಾಡಿದ್ದೆ, 24 ಸ್ಲೈಡ್. ಈಗ ನಮ್ಮ ಭಾಗದ ಒಂದು ಸಂಘದ ವಾರ್ಷಿಕ ಸಭೆಯಲ್ಲಿ ಅದನ್ನೇ ಐದು ನಿಮಿಷದಲ್ಲಿ ಹೇಳಿ ಅಂದಿದ್ದಾರೆ. ಕೇಳುವವರೆಲ್ಲ ಅಡಿಕೆ ಬೆಳೆಗಾರರು. ಕ್ರಮ ಹೀಗಿದೆ: 1-2 ಶೀರ್ಷಿಕೆ, ಪರಿವಿಡಿ. 3-5 ಕೊಳೆರೋಗದ ಫೋಟೋ. 6-8 ರೋಗಾಣು, ಹವಾಮಾನ. 9-10 ಇತಿಹಾಸ. 11-13 ಮೈಲುತುತ್ತು, ಸುಣ್ಣ, ಪ್ರಮಾಣ. 14-17 ಬೆರೆಸುವ ಹಂತಗಳು. 18-19 ಪರೀಕ್ಷೆ. 20-21 ಸಿಂಪಡಣೆಯ ಸಮಯ. 22 ಬೇರೆ ಔಷಧಿಗಳು. 23 ಸುರಕ್ಷತೆ. 24 ಧನ್ಯವಾದ. ಎಲ್ಲವೂ ಬೇಕು ಅನ್ನಿಸುತ್ತಿದೆ. ಯಾವುದನ್ನು ತೆಗೆಯಲಿ?

ಪ್ರವೀಣ್, ಹುಬ್ಬಳ್ಳಿ:
ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ ಮೇಡಂ. ನಿಮಿಷಕ್ಕ ಒಂದು ಸ್ಲೈಡ್, ಐದು ನಿಮಿಷಕ್ಕ ಐದು. ನಾ ಆಫೀಸಿನ್ಯಾಗ ಹಂಗ ಮಾಡೋದು. ಜಾಸ್ತಿ ಇದ್ರ ಮೂರು ಸ್ಲೈಡಿನ ಮಾತು ಒಂದ್ರಾಗ ಸೇರ್ಸಿ, ಅಕ್ಷರ ಸಣ್ಣ ಮಾಡ್ರಿ, ಆತು.

ಅಶ್ವಿನಿ:
ಫೈಲ್ ಭಾರ ಆಗಿದ್ದರೆ ಒಂದು ಫೋಟೋ ಆರಿಸಿಕೊಂಡು Compress Pictures ಒತ್ತಿ. ನನ್ನದು ಮೇಲ್‌ನಲ್ಲಿ ಹೋಗ್ತಾನೇ ಇರಲಿಲ್ಲ, ಹಾಗೆ ಮಾಡಿದ ಮೇಲೆ ಹೋಯಿತು.

ಸುಮಾ, ಶಿರಸಿ:
ಅಶ್ವಿನಿ, ಫೈಲ್ ಅಲ್ಲ, ಮಾತಿನ ಸಮಯ ಕಡಿಮೆ ಆಗಬೇಕು 🙂 ಆದರೂ ಅದೂ ಬೇಕಾಗುತ್ತದೆ, ಥ್ಯಾಂಕ್ಸ್.

ಹೆಗಡೆ ಮಾಷ್ಟ್ರು:
ಪ್ರವೀಣ್ ಅವರ ಲೆಕ್ಕ ಅರ್ಧ ಸರಿ. ನಾಲ್ಕೈದು ಸ್ಲೈಡಿಗಿಂತ ಹೆಚ್ಚು ಹಿಡಿಯುವುದಿಲ್ಲ ಎನ್ನುವುದು ನಿಜ. ಮೂರನ್ನು ಒಂದಕ್ಕೆ ತುರುಕಿದರೆ ಮಾತ್ರ ಏನೂ ಕಡಿಮೆಯಾಗುವುದಿಲ್ಲ. ಹೇಳಬೇಕಾದ ಮಾತು ಅಷ್ಟೇ ಇರುತ್ತದೆ, ಹಿಂದಿನ ಸಾಲಿನವರಿಗೆ ಅಕ್ಷರ ಕಾಣುವುದಿಲ್ಲ, ಮುಂದಿನ ಸಾಲಿನವರು ಓದುತ್ತಾ ಕೂತು ನಿಮ್ಮ ಮಾತು ಕೇಳುವುದಿಲ್ಲ.

ಸುಮಾ, ಹಳೇ ಕಡತ ತೆರೆದು ಒಂದೊಂದೇ ಅಳಿಸಲು ಕೂರಬೇಡಿ. ಹಾಗೆ ಕೂತರೆ ಪ್ರತಿ ಸ್ಲೈಡಿಗೂ ಇರಲು ಒಂದು ಕಾರಣ ಸಿಕ್ಕೇ ಸಿಗುತ್ತದೆ. ಮೊದಲು ಒಂದು ಕಾಗದದ ಮೇಲೆ, ಸಭೆ ಮುಗಿಸಿ ಮನೆಗೆ ಹೋದ ಬೆಳೆಗಾರ ಮರುದಿನ ಏನು ಮಾಡಬೇಕು ಎಂದು ಒಂದೇ ವಾಕ್ಯ ಬರೆಯಿರಿ. "ಬೋರ್ಡೋ ದ್ರಾವಣದ ಮಹತ್ವ ತಿಳಿಯಬೇಕು" ಎಂದು ಬರೆದರೆ ಅದು ವಾಕ್ಯವಲ್ಲ, ಮಾಡಲು ಅದರಲ್ಲಿ ಏನೂ ಇಲ್ಲ.

ಆ ವಾಕ್ಯ ಹುಡುಕಲು ನಿಮ್ಮ ಪಟ್ಟಿಯನ್ನೇ ನೋಡೋಣ. ಕೊಳೆರೋಗ ಹೇಗೆ ಕಾಣುತ್ತದೆ ಎಂದು ಅಡಿಕೆಯವರಿಗೆ ಹೇಳಬೇಕೇ? ಉದುರಿದ ಕಾಯಿ ಹೆಕ್ಕಿಯೇ ಅವರ ಬೆನ್ನು ಬಾಗಿದೆ. 3ರಿಂದ 5 ಹೋಯಿತು. ರೋಗಾಣುವಿನ ಹೆಸರು ಗೊತ್ತಾದರೆ ಯಾರೂ ಮಾಡುವ ಕೆಲಸ ಬದಲಿಸುವುದಿಲ್ಲ, 6ರಿಂದ 8 ಹೋಯಿತು. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎನ್ನುವುದು ಬಹಳ ಜನರಿಗೆ ಬಾಯಿಪಾಠ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಸುಮಾರು 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು ಎನ್ನುವುದೂ ಗೊತ್ತು. ಔಷಧಿ ಹೊಡೆಯುವವರು ಸಿಕ್ಕುವುದೇ ಅವರ ಕಷ್ಟ, ಅದಕ್ಕೆ ನಿಮ್ಮ ಸ್ಲೈಡಿನಲ್ಲಿ ಪರಿಹಾರವಿಲ್ಲ.

ಹಾಗಾದರೆ ಗೊತ್ತಿದ್ದೂ ಮಾಡದೆ ಬಿಡುವುದು ಯಾವುದು? ತಯಾರಾದ ದ್ರಾವಣವನ್ನು ಪರೀಕ್ಷಿಸುವುದು. ಅಳತೆ ಸರಿ ಇದ್ದರೂ ಸುಣ್ಣ ಹಳತಾಗಿದ್ದರೆ, ಗಾಳಿಗೆ ಅರಳಿ ಪುಡಿಯಾಗಿದ್ದರೆ, ಅದರಲ್ಲಿ ಸತ್ವ ಇರುವುದಿಲ್ಲ. ಒಂದು ಕಿಲೋ ಹಾಕಿದರೂ ಸಾಲದು. ಮೈಲುತುತ್ತು ಹಾಗೇ ಉಳಿದು ಎಳೆಕಾಯಿ ಸುಡುತ್ತದೆ, ಮಳೆ ಬಂದರೆ ತೊಳೆದೂ ಹೋಗುತ್ತದೆ. ಆಗ ಬೈಗುಳ ಬೀಳುವುದು ಮಳೆಗೆ. ಹಾಗೆ ತುತ್ತು ಉಳಿದ ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದಿದರೆ ತಾಮ್ರ ಹಿಡಿದು ಕೆಂಪಾಗುತ್ತದೆ. ಆದ್ದರಿಂದ ನಾನು ಬರೆಯುವ ವಾಕ್ಯ ಇದು: "ಪ್ರತಿ ಡ್ರಮ್ಮಿಗೂ ಕತ್ತಿ ಅದ್ದಿ ನೋಡಿ, ಕೆಂಪಾದರೆ ಸುಣ್ಣದ ತಿಳಿ ಸೇರಿಸಿ, ಆಮೇಲೆ ಹೊಡೆಯಿರಿ."

ಇನ್ನು ಆರಿಸುವುದು ಸುಲಭ. ಈ ವಾಕ್ಯವನ್ನು ನಂಬಲು ಯಾವ ಚಿತ್ರ ಇಲ್ಲದಿದ್ದರೆ ಆಗುವುದಿಲ್ಲವೋ ಅದು ಮಾತ್ರ ಉಳಿಯಲಿ. ನನ್ನ ಲೆಕ್ಕದಲ್ಲಿ ನಾಲ್ಕು. ಕೆಂಪು ಹಿಡಿದ ಕತ್ತಿಯ ಫೋಟೋ (18). ಹೊಸ ಸುಟ್ಟ ಸುಣ್ಣ ಮತ್ತು ಅರಳಿದ ಸುಣ್ಣ ಅಕ್ಕಪಕ್ಕ ಇರುವ ಫೋಟೋ, 11-13ರಲ್ಲಿ ಎಲ್ಲಾದರೂ ಇರಬೇಕು. ಬೆರೆಸುವ ನಾಲ್ಕು ಹಂತದಲ್ಲಿ ಒಂದೇ ಒಂದು: ಸುಣ್ಣದ ನೀರಿಗೆ ತುತ್ತಿನ ನೀರನ್ನು ನಿಧಾನ ಸುರಿಯುತ್ತಾ ಕಲಕುವುದು. ಕೊನೆಗೆ ಸರಿಪಡಿಸಿದ ಮೇಲೆ ಮತ್ತೆ ಅದ್ದಿದ, ಕೆಂಪಾಗದ ಕತ್ತಿ. ಈ ಕೊನೆಯದು ನಿಮ್ಮ ಹಳೇ ಕಡತದಲ್ಲಿ ಇಲ್ಲದಿರಬಹುದು, ಹೊಸದಾಗಿ ತೆಗೆಯಬೇಕಾದೀತು.

ಕ್ರಮವೂ ತಲೆಕೆಳಗಾಗಬೇಕು. ಅರ್ಧ ಗಂಟೆಯಲ್ಲಿ ರೋಗದಿಂದ ಹೊರಟು ಪರೀಕ್ಷೆಗೆ ಬರಬಹುದು. ಐದು ನಿಮಿಷದಲ್ಲಿ ಕೆಂಪು ಕತ್ತಿಯೇ ಮೊದಲ ಸ್ಲೈಡ್. ಶೀರ್ಷಿಕೆ ಬೇಡ, ನಿಮ್ಮ ಹೆಸರನ್ನು ನಿರೂಪಕರು ಹೇಳಿರುತ್ತಾರೆ.

ಸುಮಾ, ಶಿರಸಿ:
ಮಾಷ್ಟ್ರೇ, ಇತಿಹಾಸದ ಎರಡು ಸ್ಲೈಡ್ ಬಿಡಲು ಮನಸ್ಸಾಗುತ್ತಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ಕೆಲಸ ಮಾಡಿ ಬೋರ್ಡೋ ಸಿಂಪಡಣೆಯನ್ನು ಇಲ್ಲಿ ಬಳಕೆಗೆ ತಂದ ಕಥೆ. ತರಬೇತಿಯಲ್ಲಿ ಜನ ಅದನ್ನೇ ಹೆಚ್ಚು ಇಷ್ಟಪಟ್ಟರು.

ಹೆಗಡೆ ಮಾಷ್ಟ್ರು:
ಇಷ್ಟಪಡುತ್ತಾರೆ, ಅದಕ್ಕೇ ತೆಗೆಯಿರಿ. ಐದು ನಿಮಿಷದಲ್ಲಿ ಒಂದೂವರೆ ನಿಮಿಷ ಕೋಲ್ಮನ್ ಆದರೆ ಮನೆಗೆ ಹೋಗುವುದು ಕೋಲ್ಮನ್ನೇ, ಕತ್ತಿ ಅಲ್ಲ.

ರಮ್ಯಾ, ತೀರ್ಥಹಳ್ಳಿ:
ನಾನು ಒಪ್ಪುವುದಿಲ್ಲ. ವಾರ್ಷಿಕ ಸಭೆ ಅಂದರೆ ಜನ ಲೆಕ್ಕಪತ್ರ ಕೇಳಿ ಸುಸ್ತಾಗಿರುತ್ತಾರೆ, ಊಟದ ವಾಸನೆ ಬರ್ತಾ ಇರುತ್ತದೆ. ಅವರನ್ನು ಹಿಡಿದು ಕೂರಿಸಲು ಒಂದು ಕಥೆ ಬೇಕು. ಸ್ಲೈಡ್ ಬೇಡ, ಒಂದು ವಾಕ್ಯದಲ್ಲಿ ಬಾಯಲ್ಲೇ ಹೇಳಲಿ: "ನೂರು ವರ್ಷಕ್ಕೂ ಹಿಂದೆ ಕೋಲ್ಮನ್ ಸಾಹೇಬರು ಹೇಳಿಕೊಟ್ಟಿದ್ದು, ನಾವು ಇನ್ನೂ ಅರ್ಧ ಮಾತ್ರ ಮಾಡ್ತಾ ಇದ್ದೇವೆ." ಇದಕ್ಕೆ ಹತ್ತು ಸೆಕೆಂಡ್ ಸಾಕು.

ಹೆಗಡೆ ಮಾಷ್ಟ್ರು:
ಹತ್ತು ಸೆಕೆಂಡಿಗೆ ನಿಲ್ಲಿಸಿದರೆ ನನ್ನ ತಕರಾರಿಲ್ಲ. ಆ ಕಥೆ ಗೊತ್ತಿದ್ದವರು ಅಷ್ಟಕ್ಕೆ ನಿಲ್ಲಿಸಿದ್ದನ್ನು ನಾನಂತೂ ನೋಡಿಲ್ಲ.

ನಾಗರಾಜ್, ಬೆಂಗಳೂರು:
ನನ್ನದು ಬೇರೆ ಕ್ಷೇತ್ರ, ಬ್ಯಾಂಕು. ತಿಂಗಳ ರಿವ್ಯೂನಲ್ಲಿ ನಮಗೂ ಐದೇ ನಿಮಿಷ. ತೆಗೆದ ಸ್ಲೈಡಿನ ಬಗ್ಗೆಯೇ ಮೇಲಿನವರು ಪ್ರಶ್ನೆ ಕೇಳೋದು, ಅದು ನಿಯಮ ಇದ್ದ ಹಾಗೆ. ಹಾಗಾಗಿ ನಾನು ಯಾವುದನ್ನೂ ಅಳಿಸುವುದಿಲ್ಲ. ಹಳೇ ಕಡತದ ಪ್ರತಿ ಮಾಡಿಕೊಂಡು, ಬೇಡದವನ್ನು ಕೊನೆಗೆ ಎಳೆದು, ರೈಟ್ ಕ್ಲಿಕ್ ಮಾಡಿ Hide Slide ಕೊಡುತ್ತೇನೆ. ಪವರ್‌ಪಾಯಿಂಟಿನಲ್ಲಿ ತೋರಿಸುತ್ತಿರುವಾಗಲೇ ಸ್ಲೈಡ್ ನಂಬರ್ ಟೈಪ್ ಮಾಡಿ Enter ಒತ್ತಿದರೆ ಅಡಗಿಸಿಟ್ಟದ್ದೂ ತೆರೆಯುತ್ತದೆ. ಸ್ಥಳ ಬದಲಿಸಿದ ಮೇಲೆ ನಂಬರ್ ಬದಲಾಗುತ್ತದೆ, ಹೊಸ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಸುಮಾ ಅವರಿಗೆ 22 ಹಾಗೆ ಇಟ್ಟುಕೊಳ್ಳುವುದು ಒಳ್ಳೆಯದು. "ಬೋರ್ಡೋ ಬಿಟ್ಟು ಬೇರೆ ಏನಿದೆ" ಅಂತ ಒಬ್ಬರಾದರೂ ಕೇಳದೆ ಇರುವುದಿಲ್ಲ.

ದೀಪಾ, ಪುತ್ತೂರು:
ನಾಲ್ಕು ಸ್ಲೈಡ್ ಆರಿಸಿದ ಮೇಲೂ ಒಂದು ಕೆಲಸ ಉಂಟು. ನಡುವಿನ ಸ್ಲೈಡ್ ತೆಗೆದಾಗ ಉಳಿದದ್ದರಲ್ಲಿ ಕೊಂಡಿ ಕಳಚಿದ ಮಾತುಗಳು ಇರ್ತವೆ. 18ರಲ್ಲಿ "ಹಿಂದೆ ನೋಡಿದ ಹಂತ 3ರ ನಂತರ" ಅಂತ ಬರೆದಿದ್ದರೆ ಹಂತ 3 ಈಗ ಇಲ್ಲ. 12ರಲ್ಲಿ "ಸುಣ್ಣ ಎ, ಸುಣ್ಣ ಬಿ" ಅಂತ ಹೆಸರಿಟ್ಟು ಆಮೇಲೆ ಬರೀ ಎ, ಬಿ ಅಂದಿದ್ದರೆ ಹೊಸಬರಿಗೆ ಅರ್ಥ ಆಗ್ಲಿಕ್ಕಿಲ್ಲ. ನಿಮಗೆ ಇದು ಕಾಣುವುದಿಲ್ಲ, ಯಾಕಂದ್ರೆ ಹಳೇ ಭಾಷಣ ನಿಮ್ಮ ತಲೆಯಲ್ಲಿ ಓಡ್ತಾ ಇರ್ತದೆ. ಮೊದಲಿನದ್ದು ಕೇಳದ ಒಬ್ಬರಿಗೆ ಬಾಯಿ ಮುಚ್ಚಿಕೊಂಡು ಬರೀ ಸ್ಲೈಡ್ ತೋರಿಸಿ. ಎಲ್ಲಿ ಅವರು "ಇದೆಂತದು?" ಅಂತ ಕೇಳ್ತಾರೋ ಅಲ್ಲಿ ತಿದ್ದಿ.

ಅನಿಮೇಶನ್ ಕೂಡ ತೆಗೆಯಿರಿ. ಒಂದು ಸ್ಲೈಡಿನಲ್ಲಿ ಐದು ಸಲ ಕ್ಲಿಕ್ ಮಾಡಿ ಸಾಲು ಬರಿಸುವುದಾದರೆ ಅದು ಲೆಕ್ಕಕ್ಕೆ ಒಂದು, ಸಮಯಕ್ಕೆ ಐದು.

ಪ್ರವೀಣ್, ಹುಬ್ಬಳ್ಳಿ:
ಸಮಯ ಹೆಂಗ ಅಳೀಬೇಕು? ಇಂಗ್ಲಿಷ್ನ್ಯಾಗ ನಿಮಿಷಕ್ಕ 130-150 ಪದ ಅಂತಾರ. ಐದು ನಿಮಿಷಕ್ಕ 700 ಪದ ಬರದು ಓದಿದ್ರ ಆತಲ್ಲ?

ಹೆಗಡೆ ಮಾಷ್ಟ್ರು:
ಕನ್ನಡಕ್ಕೆ ಆ ಲೆಕ್ಕ ಹಿಡಿಯುವುದಿಲ್ಲ. ನಮ್ಮ ಪದಗಳು ಉದ್ದ, "ಸೇರಿಸಬೇಕಾಗುತ್ತದೆ" ಎನ್ನುವ ಒಂದು ಪದದ ಹೊತ್ತಿನಲ್ಲಿ ಇಂಗ್ಲಿಷಿನವನು ಮೂರು ನಾಲ್ಕು ಪದ ದಾಟಿರುತ್ತಾನೆ. 700 ಕನ್ನಡ ಪದ ಬರೆದರೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ನಿಂತುಕೊಂಡು, ಜೋರಾಗಿ ಹೇಳಿ ನೋಡುವುದೇ ದಾರಿ. ನಾಲ್ಕೂಕಾಲು ನಿಮಿಷಕ್ಕೆ ಮುಗಿಯಬೇಕು. ವೇದಿಕೆ ಹತ್ತುವುದು, ಮೈಕ್ ಎತ್ತರ ಸರಿ ಮಾಡುವುದು, ಕೇಬಲ್ ಚುಚ್ಚುವುದು ಎಲ್ಲಾ ಅದೇ ಐದರಲ್ಲಿ ಸೇರುತ್ತದೆ.

ಸುಮಾ ಅವರಿಗೆ ನಾನು ಹಂಚುವುದಾದರೆ: ಕೆಂಪು ಕತ್ತಿಗೆ ಒಂದು ನಿಮಿಷ, ಸುಣ್ಣದ ಫೋಟೋಗೆ ಒಂದೂವರೆ, ಬೆರೆಸುವುದಕ್ಕೆ ಮುಕ್ಕಾಲು, ಸರಿಪಡಿಸುವುದಕ್ಕೆ ಒಂದು. ಹೆಚ್ಚಾದರೆ ಬೆರೆಸುವ ಸ್ಲೈಡ್ ತೆಗೆಯಿರಿ, ವೇಗ ಹೆಚ್ಚಿಸಬೇಡಿ. ಸುಣ್ಣದ್ದು ಮುಟ್ಟಬೇಡಿ, ಕಾರಣ ಇರುವುದು ಅಲ್ಲೇ.

ರಮ್ಯಾ, ತೀರ್ಥಹಳ್ಳಿ:
19 ಪಿಎಚ್ ಕಾಗದದ್ದು ಅಂದುಕೊಂಡಿದ್ದೇನೆ. ಅದನ್ನು ಬಿಟ್ಟರೆ ಅರೆಬರೆ ಆಗುವುದಿಲ್ಲವಾ? ಕತ್ತಿ ಸುಣ್ಣ ಕಡಿಮೆ ಆಗಿದ್ದನ್ನು ಮಾತ್ರ ಹೇಳುತ್ತದೆ. ಜಾಸ್ತಿ ಆಗಿದ್ದು ಅದರಲ್ಲಿ ಗೊತ್ತಾಗುವುದಿಲ್ಲ. "ಕೆಂಪಾದರೆ ಸುಣ್ಣ ಸೇರಿಸಿ" ಅಂತಷ್ಟೇ ಹೇಳಿದರೆ ನಮ್ಮವರು ಅರ್ಧ ಚೀಲ ಸುರಿದುಬಿಡುತ್ತಾರೆ.

ಹೆಗಡೆ ಮಾಷ್ಟ್ರು:
ಮಾತು ಸರಿ. ಆದರೆ ಪಿಎಚ್ ಅಂದರೇನು ಎಂದು ವಿವರಿಸಲು ಹೊರಟರೆ ಎರಡು ನಿಮಿಷ ಹೋಯಿತು. ನಾಲ್ಕನೇ ಸ್ಲೈಡಿನಲ್ಲಿ "ಸ್ವಲ್ಪ ಸ್ವಲ್ಪವೇ ಸೇರಿಸಿ, ಪ್ರತಿ ಸಲ ಕತ್ತಿ ಉಜ್ಜಿ ಮತ್ತೆ ಅದ್ದಿ" ಎಂದು ಸೇರಿಸಿದರೆ ಸಾಕು ಎನ್ನುವುದು ನನ್ನ ಅಭಿಪ್ರಾಯ.

ರಮ್ಯಾ, ತೀರ್ಥಹಳ್ಳಿ:
ಬಣ್ಣದ ಪಟ್ಟಿ ಎತ್ತಿ ತೋರಿಸಲು ವಿವರಣೆ ಯಾಕೆ ಬೇಕು? ಈ ಬಣ್ಣ ಬಂದರೆ ಸರಿ, ಇಲ್ಲದಿದ್ದರೆ ಇಲ್ಲ. ಸಂಘದ ಅಂಗಡಿಯಲ್ಲೇ ಸಿಗುವ ಹಾಗೆ ಮಾಡಿದರೆ ಮುಗಿಯಿತು. ನಾನಾದರೆ ಬೆರೆಸುವ ಸ್ಲೈಡ್ ಬಿಟ್ಟು ಇದನ್ನು ಇಡುತ್ತೇನೆ.

ಸುಮಾ, ಶಿರಸಿ:
ಎರಡೂ ರೀತಿ ಹೇಳಿ ನೋಡುತ್ತೇನೆ, ಯಾವುದು ನಾಲ್ಕೂಕಾಲು ನಿಮಿಷದಲ್ಲಿ ನಿಲ್ಲುತ್ತದೋ ಅದು. ಕೆಂಪಾಗದ ಕತ್ತಿಯ ಫೋಟೋ ನನ್ನ ಹತ್ತಿರ ಇಲ್ಲ, ಮಾಷ್ಟ್ರು ಊಹಿಸಿದ ಹಾಗೇ. ಇನ್ನೊಂದು ಪ್ರಶ್ನೆ: ಫೋಟೋ ಬದಲು ಸ್ಟೀಲ್ ಚಾಕುವನ್ನೇ ವೇದಿಕೆಯ ಮೇಲೆ ಅದ್ದಿ ತೋರಿಸಲಾ?

ದೀಪಾ, ಪುತ್ತೂರು:
ಸ್ಟೀಲ್ ಚಾಕು ಬೇಡವೇ ಬೇಡ, ಕೆಂಪು ಹಿಡಿಯದಿದ್ದರೆ ದ್ರಾವಣ ಸರಿ ಇದೆ ಅಂತ ಆಗಿಬಿಡ್ತದೆ. ಕಬ್ಬಿಣದ ಕತ್ತಿ, ತುಕ್ಕು ಉಜ್ಜಿ ತೆಗೆದದ್ದು ಬೇಕು. ಮತ್ತೆ ಅದ್ದಿ ಕಾಯುವಾಗ ನೀವು ಸುಮ್ಮನೆ ನಿಲ್ಲಬಾರದು, ಮೊದಲೇ ಅದ್ದಿಟ್ಟು ಸುಣ್ಣದ ಸ್ಲೈಡ್ ಮುಗಿಸಿ ಆಮೇಲೆ ಎತ್ತಿ. ಆಗ ಒಂದನೇ ಸ್ಲೈಡೂ ಬೇಕಾಗ್ಲಿಕ್ಕಿಲ್ಲ. ಆದ್ರೂ ಆ ಫೋಟೋ ಅಡಗಿಸಿ ಇಟ್ಟುಕೊಳ್ಳಿ, ಹಿಂದೆ ಕೂತವರಿಗೆ ಕತ್ತಿ ಕಾಣುವುದಿಲ್ಲ.