‘ಬೇಡ’ ಅಂದದ್ದು ಯಾವ ಪ್ರಶ್ನೆಗೆ? ಗುಂಪಿನಲ್ಲಿ ಒಂದು ಪತ್ರದ ಚರ್ಚೆ

ಶೋಭಾ: ಪರಿಚಯದವರೊಬ್ಬರ ಪತ್ರದ ಕರಡು, ಅವರ ಒಪ್ಪಿಗೆ ಕೇಳಿಯೇ ಹಾಕ್ತಿದೀನಿ. ಹೆಸರು ತೆಗೆದಿದ್ದೀನಿ. ಶನಿವಾರದ ಊಟಕ್ಕೆ ಗೆಳತಿಯನ್ನು ಕರೆದಿದ್ದರು. ಗೆಳತಿ ವಾಟ್ಸಾಪಲ್ಲಿ 6:10ಕ್ಕೆ ‘ಅಡುಗೆಗೆ ಸಹಾಯಕ್ಕೆ ಮುಂಚೆನೇ ಬರ್ಲಾ?’ ಅಂತ ಕೇಳಿದ್ದಾರೆ, 6:14ಕ್ಕೆ ‘ಅಮ್ಮನ್ನೂ ಕರ್ಕೊಂಡು ಬರ್ಲಾ?’ ಅಂತ. ಇವರು 6:12ಕ್ಕೇ ‘ಬೇಡ್ವೇ, ಸುಮ್ನೆ ಕಷ್ಟ’ ಅಂತ ಒತ್ತಿದ್ದಾರೆ. ನೆಟ್‌ವರ್ಕ್ ಇರ್ಲಿಲ್ಲ, ಹೋಗಿದ್ದು 6:20ಕ್ಕೆ. ಗೆಳತಿ ಬರಲಿಲ್ಲ, ಆಮೇಲೆ ಮಾತೂ ಇಲ್ಲ.

ಕರಡು ಇದು:
_‘ನೀನು ನನ್ನ ಮೆಸೇಜನ್ನು ತಪ್ಪಾಗಿ ಓದಿಕೊಂಡಿದ್ದೀಯ. ನಾನು ಬೇಡ ಅಂದದ್ದು ನಿನ್ನ ಮೊದಲ ಪ್ರಶ್ನೆಗೆ. ನಂಬಿಕೆ ಬರದಿದ್ದರೆ ಸ್ಕ್ರೀನ್‌ಶಾಟ್ ನೋಡು. ಬೇಜಾರಾಗಿದ್ದರೆ ಕ್ಷಮಿಸು.’_

ನಾಗರಾಜ: ಚೆನ್ನಾಗೇ ಇದೆಯಲ್ಲ. ಚಿಕ್ಕದು, ಸಾಕ್ಷಿನೂ ಇದೆ. ಕಳಿಸೋಕೆ ಹೇಳು.

ವಿಮಲಾ: ಬೇಡ ಕಣೋ. ಮೊದಲ ಸಾಲೇ ನಿಜ ಅಲ್ಲ. ಗೆಳತಿ ಓದಿದ್ದು ಸರಿಯಾಗೇ ಇದೆ. ನೆಟ್ ಇಲ್ಲದಾಗ ಒತ್ತಿದ ಮೆಸೇಜು ಗಡಿಯಾರದ ಗುರುತು ಹೊತ್ತು ನಮ್ಮ ಫೋನಲ್ಲಿ ಬರೆದ ಜಾಗದಲ್ಲೇ ಕೂತಿರುತ್ತೆ. ಎದುರಿನವರಿಗೆ ಕಾಣೋದು ತಲುಪಿದ ಮೇಲೆ. ಇವರ ಫೋನಲ್ಲಿ ‘ಬೇಡ್ವೇ’ ಎರಡು ಪ್ರಶ್ನೆಗಳ ನಡುವೆ ಇದೆ, ಅವರ ಫೋನಲ್ಲಿ ಅಮ್ಮನ ಪ್ರಶ್ನೆಯ ಕೆಳಗೆ.

ನಾಗರಾಜ: ಅದಕ್ಕೇ ಅಲ್ವಾ ಸ್ಕ್ರೀನ್‌ಶಾಟ್ ಬೇಕಿರೋದು?

ವಿಮಲಾ: ಅದೇ ಕೆಡಿಸೋದು. ಅವರು ತಮ್ಮ ಫೋನ್ ತೆಗೆದು ಹೋಲಿಸ್ತಾರೆ, ಕ್ರಮ ಬೇರೆ ಇರುತ್ತೆ. ‘ಚಿತ್ರ ತಿದ್ದಿದ್ದಾಳೆ’ ಅನ್ನೋ ಇನ್ನೊಂದು ಅನುಮಾನ ಹುಟ್ಟುತ್ತೆ. ಅವರ ಫೋನಲ್ಲಿ ಏನು ಕಂಡಿರುತ್ತೆ ಅನ್ನೋದನ್ನ ಪತ್ರದಲ್ಲಿ ಇವರೇ ಮೊದಲು ಹೇಳಬೇಕು, ಆಮೇಲೆ ತಮ್ಮ ಕಡೆಯದು. ತಲುಪಿದ ಹೊತ್ತು ಬೇಕಿದ್ದರೆ ತಾವು ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಮಾಹಿತಿ ನೋಡಲಿ, ‘ತಲುಪಿದ್ದು’ ಅಂತ ಇರುತ್ತೆ. ಆ ಒಂದು ಸಮಯ ಬರೆದರೆ ಸಾಕು.

ರಫೀಕ್: ಒಂದು ಮಾತು ಯಾರೂ ಕೇಳಲಿಲ್ಲ. ಅಮ್ಮನ ಪ್ರಶ್ನೆಗೆ ಇವರು ಉತ್ತರ ಕೊಟ್ಟರಾ?

ಶೋಭಾ: ಇಲ್ಲ. ನೋಡಿದ್ರಂತೆ, ಆಮೇಲೆ ಬರೆಯೋಣ ಅಂತ ಬಿಟ್ರಂತೆ.

ರಫೀಕ್: ಹಾಗಾದ್ರೆ ನೆಟ್‌ವರ್ಕ್ ಮೇಲೆ ಎಲ್ಲ ಹೊರಿಸಕ್ಕಾಗಲ್ಲ. ‘ಖಂಡಿತ ಕರ್ಕೊಂಡು ಬಾ’ ಅಂತ ಒಂದು ಸಾಲು ಹಾಕಿದ್ದರೆ 6:20ರ ‘ಬೇಡ್ವೇ’ ಅಲ್ಲೇ ಸರಿಹೋಗ್ತಿತ್ತು. ನೀಲಿ ಗೆರೆ ಬಂದಿದೆ, ಕೆಳಗೆ ‘ಬೇಡ’ ಇದೆ, ಬೇರೆ ಉತ್ತರ ಇಲ್ಲ. ಯಾರೇ ಆದ್ರೂ ಇದೇ ಉತ್ತರ ಅಂದ್ಕೊಳ್ತಾರೆ. ಪತ್ರದಲ್ಲಿ ಇವೆರಡನ್ನೂ ಬೇರೆ ಬೇರೆ ಹೇಳಲಿ: ಮೆಸೇಜು ತಡವಾಗಿದ್ದು ಯಾರ ತಪ್ಪೂ ಅಲ್ಲ, ಉತ್ತರ ಕೊಡದೇ ಇದ್ದದ್ದು ಇವರದು. ಕ್ಷಮೆ ಎರಡನೆಯದಕ್ಕೆ.

ನಾಗರಾಜ: ‘ಬೇಜಾರಾಗಿದ್ದರೆ ಕ್ಷಮಿಸು’ ಅಂತ ಕೇಳಿದ್ದಾರಲ್ಲಪ್ಪ.

ರಫೀಕ್: ‘ಆಗಿದ್ದರೆ’ ಅಂದ್ರೆ ಆಗಿದೆಯೋ ಇಲ್ಲವೋ ಗೊತ್ತಿಲ್ಲ ಅಂದ ಹಾಗೆ. ಮಾತು ಬಿಟ್ಟಿದ್ದಾರೆ, ಗೊತ್ತಿಲ್ಲದೇ ಏನು?

ಶೋಭಾ: ಹಳೇ ಮೆಸೇಜನ್ನ ತಿದ್ದಬಹುದಾ, ಅಳಿಸಬಹುದಾ ಅಂತಾನೂ ಕೇಳ್ತಿದ್ರು.

ವಿಮಲಾ: ತಿದ್ದೋಕೆ ಕಳಿಸಿದ 15 ನಿಮಿಷದೊಳಗೆ ಮಾತ್ರ ಆಗುತ್ತೆ, ಅದು ಮುಗಿದೇ ಹೋಯ್ತು. ಅಳಿಸೋಕೆ ಅವಕಾಶ ಇದ್ದರೂ ಬೇಡ, ಅಳಿಸಿದ ಗುರುತು ಅಲ್ಲೇ ಉಳಿಯುತ್ತೆ, ಮುಚ್ಚಿಟ್ಟ ಹಾಗಾಗುತ್ತೆ. ಇನ್ನು ಮುಂದೆ ಎರಡು ಪ್ರಶ್ನೆ ಒಟ್ಟಿಗೆ ಬಂದಾಗ ಆ ಮೆಸೇಜನ್ನೇ ಬಲಕ್ಕೆ ಎಳೆದು ಉತ್ತರ ಬರೀಲಿ. ಪ್ರಶ್ನೆ ಉತ್ತರದ ಜೊತೆಗೇ ಹೋಗುತ್ತೆ, ಎಷ್ಟು ತಡವಾದ್ರೂ ಗೊಂದಲ ಇಲ್ಲ.

ಪತ್ರ ಹೀಗೆ ಮಾಡಿದೀನಿ, ನೋಡು:

_‘ಅಮ್ಮ ಬರಬೇಕು ಅಂತಲೇ ನನಗಿತ್ತು. ನಿನ್ನ ಫೋನಲ್ಲಿ ನನ್ನ “ಬೇಡ್ವೇ” ಅಮ್ಮನ ಪ್ರಶ್ನೆಯ ಕೆಳಗೆ ಕಂಡಿರುತ್ತೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಓದುತ್ತಿದ್ದೆ. ಅದನ್ನು ಬರೆದದ್ದು 6:12ಕ್ಕೆ, ನೀನು ಅಡುಗೆಗೆ ಮುಂಚೆ ಬಂದು ಕಷ್ಟಪಡೋದು ಬೇಡ ಅಂತ. ನಿನಗೆ ತಲುಪಿದ್ದು 6:20ಕ್ಕೆ. ಅಮ್ಮನ ವಿಷಯ ಕೇಳಿದ್ದನ್ನು ಓದಿಯೂ ನಾನು ಉತ್ತರ ಕೊಡಲಿಲ್ಲ. ಅದು ನನ್ನ ತಪ್ಪು, ಕ್ಷಮಿಸು. ಅಮ್ಮನಿಗೂ ಈ ಮಾತು ತಲುಪಿದ್ದರೆ ನಾನೇ ಅವರ ಹತ್ತಿರ ಮಾತಾಡ್ತೀನಿ, ನೀನು ಹ್ಞೂಂ ಅಂದ ಮೇಲೆ.’_

ನಾಗರಾಜ: ಮೊದಲ ಸಾಲು ಒಪ್ಪಿದೆ. ಆದ್ರೆ ‘ನಿನ್ನ ಜಾಗದಲ್ಲಿ ನಾನಿದ್ದರೂ’ ತೆಗೀರಿ. ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ ಆಕೆ.

ರಫೀಕ್: ಅಮ್ಮನ್ನ ಬೇಡ ಅಂದ್ರು ಅಂದ್ಕೊಂಡವರು ಫೋನ್ ಮಾಡಿ ‘ಯಾಕೆ ಬೇಡ’ ಅಂತ ಕೇಳ್ತಾರಾ? ಆ ಸಾಲು ಇರಲಿ.

ನಾಗರಾಜ: ನಾನಾದ್ರೆ ಕೇಳ್ತಿದ್ದೆ. ಇರಲಿ, ಬರೆಯೋರು ಅವರು.

ಶೋಭಾ: ಕಾಗದದಲ್ಲಿ ಬರೀಲಾ, ವಾಟ್ಸಾಪಲ್ಲೇ ಕಳಿಸಲಾ ಅಂತಿದಾರೆ.

ವಿಮಲಾ: ಕಾಗದವೇ ವಾಸಿ. ವಾಟ್ಸಾಪ್ ಆದ್ರೆ ಇಡೀ ಪತ್ರ ಒಂದೇ ಮೆಸೇಜಲ್ಲಿ ಹೋಗಲಿ. ತುಂಡು ತುಂಡಾಗಿ ಕಳಿಸಿದ್ರೆ ಅರ್ಧ ಓದಿ ಮುಚ್ಚಿಡಬಹುದು, ಮತ್ತೆ ನೆಟ್ ಹೋದ್ರೆ ಕ್ಷಮೆಯ ಸಾಲೇ ಹೋಗದೇ ಉಳಿದುಬಿಡುತ್ತೆ. ಎರಡು ಗೆರೆ ಬರೋವರೆಗೂ ಫೋನ್ ಕೆಳಗಿಡಬೇಡ ಅನ್ನು.

ಶೋಭಾ: ಕಾಗದದಲ್ಲೇ ಬರೀತಾರಂತೆ.